ನಿಮಗಿದು ಗೊತ್ತೆ? ಭಯ ಅಳೆಯುವ ಸೂಚ್ಯಂಕ

ಬಿಟ್‌ಕಾಯಿನ್‌ನ ‘ಭಯ–ದುರಾಸೆ ಸೂಚ್ಯಂಕ’ ಸೊನ್ನೆಯಿಂದ ನೂರರವರೆಗೆ ಓಡುತ್ತದೆ. ಸೊನ್ನೆಯ ಹತ್ತಿರ ಬಂದರೆ ಎಲ್ಲರಿಗೂ ಭಯ, ಆಗಲೇ ಕೊಳ್ಳಬೇಕು ಎಂಬುದು ಪ್ರವಾಹದ ವಿರುದ್ಧ ಈಜುವವರ ವಾದ. 2022ರ ಮೇ ತಿಂಗಳಲ್ಲಿ ಟೆರಾ ಎಂಬ ಕ್ರಿಪ್ಟೊ ಜಾಲ ಕುಸಿದಾಗ ಸೂಚ್ಯಂಕ ಹತ್ತಕ್ಕಿಂತ ಕೆಳಗಿಳಿಯಿತು. ಆಗ ಬಿಟ್‌ಕಾಯಿನ್ ಬೆಲೆ ಸುಮಾರು 30,000 ಡಾಲರ್. ನವೆಂಬರ್‌ನಲ್ಲಿ ಅದು 16,000ದ ಆಸುಪಾಸಿಗೆ ಬಂತು. ಮೇನಲ್ಲಿ ಕೊಂಡವರಿಗೆ ಕೊನೆಗೆ ಲಾಭವಾಯಿತಲ್ಲ ಎನ್ನಬಹುದು. ನಿಜ, ಆದರೆ ಹಣ ಅರ್ಧಕ್ಕಿಳಿದದ್ದನ್ನು ನೋಡುತ್ತಾ, ಅಸಲು ಭದ್ರವಾಗಿ ಮರಳಲು ಒಂದು ವರ್ಷಕ್ಕೂ ಹೆಚ್ಚು ಕಾಯಬೇಕಾಯಿತು. ಸಾಲ ಮಾಡಿ ಕೊಂಡವರಿಗೆ ಅಷ್ಟು ಪುರುಸೊತ್ತೆಲ್ಲಿ? ಸೂಚ್ಯಂಕ ನಂಬಿದರೆ ಹೀಗಾಗಲು ಕಾರಣವೂ ಸರಳ. ಈ ಸೂಚ್ಯಂಕದ ಅರ್ಧ ಭಾಗ ಬೆಲೆಯ ಏರಿಳಿತ ಮತ್ತು ವಹಿವಾಟಿನ ವೇಗದಿಂದಲೇ ಬರುತ್ತದೆ, ಅಂದರೆ ನಿನ್ನೆಯ ಬೆಲೆಯನ್ನೇ ಮತ್ತೆ ಹೇಳುತ್ತದೆ. ಸಾಮಾಜಿಕ ಜಾಲತಾಣದ ಗದ್ದಲಕ್ಕಿರುವುದು ಶೇ 15 ಪಾಲು ಮಾತ್ರ. ಅದರಲ್ಲೂ ನಕಲಿ ಖಾತೆಗಳ ಕೂಗು ಬೆರೆತಿರಬಹುದು.