ಗುಡ್ಡದ ಟ್ಯಾಂಕಿನಲ್ಲಿರೋದು 98 ಯೂನಿಟ್, ಮೀಟರು ತಿಂದದ್ದು 210!

ಬಸ್‌ಸ್ಟ್ಯಾಂಡಿನಲ್ಲಿ ನಿಂತು ತಲೆ ಎತ್ತಿದವರಿಗೆಲ್ಲ ಗುಡ್ಡದ ಮೇಲಿನ ನೀರಿನ ಟ್ಯಾಂಕು ಕಾಣುತ್ತದೆ. ನಲ್ಲಿಯಲ್ಲಿ ನೀರು ಬರದ ದಿನ ಎಲ್ಲರೂ ಅದನ್ನೇ ನೋಡಿ ಬೈಯುತ್ತಾರೆ. ಬಂದ ದಿನ ಯಾರೂ ಅದರ ಕಡೆ ತಿರುಗಿಯೂ ನೋಡುವುದಿಲ್ಲ. ಈಗ ಮತ್ತೆ ಅದರ ಮಾತು ಎದ್ದಿದೆ. ನೀರು ಮೇಲೆತ್ತುವ ಕರೆಂಟ್ ಬಿಲ್ಲು ಕಟ್ಟಲಾಗುತ್ತಿಲ್ಲ, ನೀರಿನ ಕಂದಾಯ ಏರಿಸದೆ ಗತಿ ಇಲ್ಲ ಎಂಬುದು ಮೇಲಿನವರ ವಾದ.

ಇದಕ್ಕೆ ಕಿರಾಣಿ ಅಂಗಡಿಯ ಶೆಟ್ರು ಹೋಟೆಲಿನಲ್ಲಿ ಕಾಫಿ ಕುಡಿಯುತ್ತಾ ಒಂದು ಉಪಾಯ ಹೇಳಿದರು. "ಅಲ್ರೀ, ಅಷ್ಟು ಎತ್ತರದಿಂದ ನೀರು ದಿನಾ ಕೆಳಗೆ ಇಳೀತದಲ್ಲ, ಆ ಪೈಪಿಗೊಂದು ಟರ್ಬೈನ್ ಕೂರಿಸಿದ್ರೆ ಬೀದಿದೀಪಕ್ಕೆಲ್ಲ ಕರೆಂಟು ಪುಕ್ಕಟೆ ಬರೋದಿಲ್ವೆ?"

ಕೇಳಿದವರೆಲ್ಲ ತಲೆದೂಗಿದರು. ನಾನೂ ದೂಗಿದೆ. ಆಮೇಲೆ ಅನ್ನಿಸಿತು, ಆ ಟ್ಯಾಂಕಿನಲ್ಲಿ ನಿಜಕ್ಕೂ ಎಷ್ಟು ಕರೆಂಟು ಇದ್ದೀತು? ಪಿಯುಸಿ ಅರ್ಧಕ್ಕೆ ಬಿಟ್ಟವನಿಗೂ ಸಿಗುವ ಲೆಕ್ಕ ಅದು. ಪಂಪ್‌ಹೌಸಿಗೆ ಹೋದೆ.

ಪುಟಾಣಿ ಪೊಟ್ಟಣದ ಲೆಕ್ಕ

ಭಾರವಾದದ್ದನ್ನು ಮೇಲೆತ್ತಿಟ್ಟರೆ, ಎತ್ತುವಾಗ ಪಟ್ಟ ಶ್ರಮ ಹಾಳಾಗುವುದಿಲ್ಲ. ಎತ್ತರದಲ್ಲಿ ಕುಳಿತ ವಸ್ತುವಿನಲ್ಲಿ ಅದು ಅಡಗಿರುತ್ತದೆ. ಕೆಳಗೆ ಬೀಳುವಾಗ ವಾಪಸ್ ಕೊಡುತ್ತದೆ. ಶಾಲೆಯ ಪುಸ್ತಕದಲ್ಲಿ ಇದಕ್ಕೆ ಪ್ರಚ್ಛನ್ನ ಶಕ್ತಿ ಎಂದು ಹೆಸರು. ಅಳೆಯುವ ಮಾಪು ಜೂಲ್. ಇಂಗ್ಲೆಂಡಿನಲ್ಲಿ ಬಿಯರ್ ತಯಾರಿಸುವ ಮನೆತನದ ಜೇಮ್ಸ್ ಜೂಲ್ ಎಂಬಾತ 1840ರ ದಶಕದಲ್ಲಿ ತೂಕದ ಗುಂಡುಗಳನ್ನು ಎತ್ತರದಿಂದ ಇಳಿಬಿಟ್ಟು, ಅವು ನೀರನ್ನು ಕಡೆದು ಎಷ್ಟು ಬಿಸಿ ಮಾಡುತ್ತವೆಂದು ಅಳೆದ. ಆತನದೇ ಹೆಸರು ಈ ಮಾಪಿಗೆ.

ಒಂದು ಜೂಲ್ ಅಂದರೆ ಎಷ್ಟು? ಶೆಟ್ರು ನೂರು ಗ್ರಾಂ ಪುಟಾಣಿ ಪೊಟ್ಟಣವನ್ನು ನೆಲದಿಂದ ಒಂದು ಮೀಟರ್ ಎತ್ತರದ ಗಲ್ಲೆಯ ಮೇಲಿಟ್ಟರೆ ಹೆಚ್ಚುಕಡಿಮೆ ಒಂದು ಜೂಲ್. ಹದಿನೈದು ಲೀಟರಿನ ಬಿಂದಿಗೆಯನ್ನು ಅಷ್ಟೇ ಎತ್ತರದ ಕಟ್ಟೆಗೆ ಎತ್ತಿಟ್ಟ ತಾಯಿ ಖರ್ಚು ಮಾಡಿದ್ದು 147 ಜೂಲ್. ತೂಕ ಕಿಲೋದಲ್ಲಿ, ಎತ್ತರ ಮೀಟರಿನಲ್ಲಿ, ಅದಕ್ಕೆ ಭೂಮಿಯ ಸೆಳೆತದ 9.8 ಗುಣಿಸಿದರೆ ಆಯಿತು.

ನಮ್ಮ ಮನೆ ಮೀಟರಿನ ಒಂದು ಯೂನಿಟ್ ಅಂದರೆ 36 ಲಕ್ಷ ಜೂಲ್. ಈ ಒಂದು ಅಂಕಿ ನೆನಪಿಟ್ಟುಕೊಂಡರೆ ಸಾಕು, ಮುಂದಿನದ್ದೆಲ್ಲ ಅಂಗಡಿ ಲೆಕ್ಕ.

ಗೇಜು ಹೇಳಿದ ಎತ್ತರ

ಟ್ಯಾಂಕಿನ ಗೋಡೆಯ ಮೇಲೆ 5 ಲಕ್ಷ ಲೀಟರ್ ಎಂದು ಬರೆದಿದೆ. ಲೀಟರಿಗೆ ಒಂದು ಕಿಲೋ, ಅಂದರೆ 5 ಲಕ್ಷ ಕಿಲೋ ನೀರು. ಎತ್ತರ ತಿಳಿಯಲು ಗುಡ್ಡ ಹತ್ತಬೇಕಾಗಲಿಲ್ಲ. ಪಂಪ್‌ಹೌಸಿನಲ್ಲಿ, ನೀರು ಹಿಂದಕ್ಕೆ ಬಾರದಂತೆ ತಡೆಯುವ ವಾಲ್ವಿನ ಮುಂದೆ ಒಂದು ಪ್ರೆಷರ್ ಗೇಜು ಇದೆ. ಪಂಪು ಆಗ ತಾನೇ ನಿಂತಿತ್ತು. ಗೇಜಿನ ಮುಳ್ಳು 7.2 ಕಿಲೋದಲ್ಲಿ ನಿಂತಿತ್ತು.

"ಹತ್ತು ಮೀಟರ್ ನೀರಿಗೆ ಒಂದು ಕಿಲೋ ಪ್ರೆಷರ್ರು ಸಾರ್. ನಮ್ಮ ಮೇಷ್ಟ್ರು ಅಂದ್ರೆ ಈ ಮುಳ್ಳೇ" ಅಂದ ನೀರಗಂಟಿ. ಅವನ ಲೆಕ್ಕ ಸರಿ. ಪಂಪು ನಿಂತಾಗ ಗೇಜಿನ ಮೇಲೆ ಕೂತಿರುವುದು ಪೈಪಿನಲ್ಲಿ ತುಂಬಿರುವ ನೀರಿನ ಭಾರ ಮಾತ್ರ. ಆದ್ದರಿಂದ ಸಂಪಿನಿಂದ ಟ್ಯಾಂಕಿನ ಬಾಯಿಗೆ 72 ಮೀಟರ್ ಎತ್ತರ.

ಗುಣಿಸಿ ನೋಡಿ. 5 ಲಕ್ಷ ಕಿಲೋ, 9.8, 72 ಮೀಟರ್. ಒಟ್ಟು 35 ಕೋಟಿ 28 ಲಕ್ಷ ಜೂಲ್! ಕೇಳಿದರೆ ಊರಿಗೆ ಊರೇ ಬೆಳಗೀತು ಅನ್ನಿಸುತ್ತದೆ. ಅದನ್ನೇ 36 ಲಕ್ಷದಿಂದ ಭಾಗಿಸಿ. ಬರುವುದು 98 ಯೂನಿಟ್. ಟ್ಯಾಂಕಿನ ಆಳ ಮೂರು ಮೀಟರ್, ತಳದ ನೀರು ಅಷ್ಟು ಎತ್ತರದಲ್ಲಿಲ್ಲ ಎಂದು ಹಿಡಿದರೆ ಇನ್ನೆರಡು ಯೂನಿಟ್ ಕಡಿಮೆ, ಹೋಗಲಿ ಬಿಡಿ. ಯೂನಿಟ್ಟಿಗೆ ಆರು ರೂಪಾಯಿ ಎಂದಿಟ್ಟುಕೊಂಡರೆ, ಊರಿನ ಅರ್ಧ ಭಾಗಕ್ಕೆ ನೀರುಣಿಸುವ ಆ ದೈತ್ಯ ಟ್ಯಾಂಕು ತುಂಬಿದಾಗ ಅದರಲ್ಲಿರುವ ಶಕ್ತಿಯ ಬೆಲೆ 588 ರೂಪಾಯಿ.

ಟರ್ಬೈನಿನ ಕನಸು

ಹಾಗಾದರೆ ಶೆಟ್ರ ಟರ್ಬೈನ್? ಇಂಥ ಸಣ್ಣ ಟರ್ಬೈನು ಜನರೇಟರು ಸೇರಿ ನೀರಿನ ಶಕ್ತಿಯಲ್ಲಿ ನೂರಕ್ಕೆ 65ರಷ್ಟು ಕೊಟ್ಟರೆ ದೊಡ್ಡದು. 98ರಲ್ಲಿ 64 ಯೂನಿಟ್ ಸಿಕ್ಕೀತು. ಆದರೆ ಆ ಶಕ್ತಿ ಈಗ ಸುಮ್ಮನೆ ಬಿದ್ದಿಲ್ಲ. ಪೇಟೆಬೀದಿಯ ಎರಡನೇ ಮಹಡಿಗೆ ಮೋಟಾರಿಲ್ಲದೆ ನೀರು ಹತ್ತುವುದು ಅದೇ ಶಕ್ತಿಯಿಂದ. ಟರ್ಬೈನ್ ಅದನ್ನು ನುಂಗಿದರೆ ಕೆಳಗೆ ಪ್ರೆಷರ್ ಸಾಯುತ್ತದೆ. ಬೀದಿದೀಪ ಉರಿಯುತ್ತದೆ, ನಲ್ಲಿ ಅಳುತ್ತದೆ.

ಶರಾವತಿಯಲ್ಲಿ ನಡೆಯುವುದಿಲ್ಲವೆ ಅಂದರೆ, ಅಲ್ಲಿ ನೀರನ್ನು ಮೇಲೆತ್ತಿದ್ದು ಸೂರ್ಯ ಮತ್ತು ಮಳೆ. ನಾಲ್ಕುನೂರು ಮೀಟರಿಗೂ ಮಿಕ್ಕಿದ ಇಳಿತ ಬೇರೆ. ತಮಿಳುನಾಡಿನ ಕಡಂಪಾರೈಯಲ್ಲಿ ಕೆಳಗಿನ ನೀರನ್ನು ಪಂಪು ಮಾಡಿ ಮೇಲಿಟ್ಟು, ಮತ್ತೆ ಇಳಿಸಿ ಕರೆಂಟು ಮಾಡುತ್ತಾರೆ, ನಿಜ. ಅಲ್ಲೂ ಹಾಕಿದ್ದಷ್ಟು ಹಿಂದೆ ಬರುವುದಿಲ್ಲ. ಬೇಡಿಕೆ ಇಲ್ಲದ ಹೊತ್ತಿನ ಕರೆಂಟನ್ನು ಬೇಡಿಕೆ ಇರುವ ಹೊತ್ತಿಗೆ ಎತ್ತಿಡುವ ಅನುಕೂಲಕ್ಕಾಗಿ ಆ ನಷ್ಟ ಸಹಿಸುತ್ತಾರೆ. ಎತ್ತರದ ನೀರು ಕಣಜವೇ ಹೊರತು ಗದ್ದೆಯಲ್ಲ. ಹಾಕಿದ್ದನ್ನು ಕಾಯುತ್ತದೆ, ಹೊಸದಾಗಿ ಬೆಳೆಯುವುದಿಲ್ಲ.

ಮೀಟರಿನ ಕತೆ ಬೇರೆ

ನಿಜವಾದ ಸುದ್ದಿ ಇರುವುದು ಇನ್ನು ಮುಂದೆ. ರಾತ್ರಿ ಊರಿಗೆ ಬಿಡುವ ವಾಲ್ವು ಮುಚ್ಚಿ, ಬರಿದಾದ ಟ್ಯಾಂಕು ತುಂಬುವ ತನಕ ನೀರಗಂಟಿಯ ಜೊತೆ ಕೂತೆ. 60 ಎಚ್.ಪಿ. ಮೋಟಾರು ಐದು ಗಂಟೆ ಓಡಿತು. ಮುಂಚೆ ಬರೆದುಕೊಂಡ ಮೀಟರ್ ಅಂಕಿಯನ್ನು ನಂತರದ ಅಂಕಿಯಿಂದ ಕಳೆದರೆ 210 ಯೂನಿಟ್!

ಮೇಲೆ ಸೇರಿದ್ದು 98. ಉಳಿದ 112 ಯೂನಿಟ್ ಎಲ್ಲಿಗೆ ಹೋಯಿತು? ಕದ್ದವರಿಲ್ಲ. ಎಲ್ಲ ಬಿಸಿಯಾಗಿ ಹೋಯಿತು. ಎಲ್ಲೆಲ್ಲಿ ಎಂಬುದನ್ನೂ ಆ ಗೇಜೇ ಹೇಳುತ್ತದೆ.

ಪಂಪು ನಿಂತಾಗ 7.2 ತೋರಿಸುತ್ತಿದ್ದ ಮುಳ್ಳು, ಪಂಪು ಓಡುವಾಗ 9ಕ್ಕೆ ಏರುತ್ತದೆ. ಅಂದರೆ ಪಂಪು 72 ಮೀಟರಿಗೆ ನೀರೆತ್ತುವ ಬದಲು 90 ಮೀಟರಿಗೆ ಎತ್ತಿದಷ್ಟು ದುಡಿಯುತ್ತಿದೆ. ಹೆಚ್ಚಿನ 18 ಮೀಟರ್ ಪೈಪಿನೊಳಗಿನ ತಿಕ್ಕಾಟಕ್ಕೆ ಕೊಟ್ಟ ಸುಂಕ. ಹಳೆಯ ಬೀಡುಕಬ್ಬಿಣದ ಪೈಪು, ಒಳಗೆಲ್ಲ ತುಕ್ಕಿನ ಗಂಟು. ಈ ಸುಂಕ 24 ಯೂನಿಟ್‌ಗೆ ಸ್ವಲ್ಪ ಮೇಲೆ.

ಅಲ್ಲಿಗೆ ಪಂಪು ನೀರಿಗೆ ಕೊಟ್ಟದ್ದು ಒಟ್ಟು 122 ಚಿಲ್ಲರೆ ಯೂನಿಟ್. ಮೀಟರಿನ 210ರಲ್ಲಿ ಅದನ್ನು ಕಳೆದರೆ ಉಳಿದ 87 ಚಿಲ್ಲರೆ ಪಂಪು ಮತ್ತು ಮೋಟಾರಿನಲ್ಲೇ ಸುಟ್ಟಿದೆ. ಎರಡೂ ಸೇರಿ ನೂರಕ್ಕೆ 58 ಕೆಲಸ ಮಾಡುತ್ತಿವೆ. ಒಳ್ಳೇ ಸ್ಥಿತಿಯಲ್ಲಿರುವ ಈ ಗಾತ್ರದ ಸೆಟ್ಟು 70 ಮಾಡಬೇಕು.

"ಇಂಪೆಲ್ಲರ್ ಸವೆದಿದೆ ಸಾರ್. ಮುಂಚೆ ನಾಲ್ಕು ಗಂಟೆಗೆ ತುಂಬೋದು, ಈಗ ಐದು. ಮೋಟಾರ್ ಸದ್ದು ಅದೇ, ಕರೆಂಟೂ ಹೆಚ್ಚುಕಮ್ಮಿ ಅಷ್ಟೇ, ನೀರು ಮಾತ್ರ ಕಮ್ಮಿ" ಅಂದ ನೀರಗಂಟಿ. ಇದೇ ಗುರುತು. ಮೋಟಾರು ಸುಟ್ಟರೆ ಊರಿಗೆಲ್ಲ ಗೊತ್ತಾಗುತ್ತದೆ, ಮಾರನೇ ದಿನವೇ ರಿಪೇರಿ. ಪಂಪು ಸವೆದರೆ ಯಾರಿಗೂ ಗೊತ್ತಾಗುವುದಿಲ್ಲ. ಟ್ಯಾಂಕು ಹೇಗೋ ತುಂಬುತ್ತದೆ, ಬಿಲ್ಲು ಮಾತ್ರ ಬೆಳೆಯುತ್ತದೆ.

ಸವೆದ ಭಾಗ ಬದಲಿಸಿ 70ಕ್ಕೆ ತಂದರೆ, ಪೈಪು ಮುಟ್ಟದೆಯೂ ಅದೇ ಕೆಲಸ 175 ಯೂನಿಟ್‌ನಲ್ಲಿ ಆಗುತ್ತದೆ. ಸಲಕ್ಕೆ 35 ಯೂನಿಟ್ ಉಳಿತಾಯ. ದಿನಕ್ಕೆ ಎರಡು ಸಲ ತುಂಬಿಸುವ ನಮ್ಮ ಊರಿಗೆ ಅದು ದಿನಕ್ಕೆ 420 ರೂಪಾಯಿ, ವರ್ಷಕ್ಕೆ ಒಂದೂವರೆ ಲಕ್ಷ. ಬೀದಿದೀಪದ ಬಾಬ್ತಿಗೆ ಟರ್ಬೈನ್ ಹುಡುಕುವ ಮುಂಚೆ ಕೈಗೆ ಸಿಗುವ ದುಡ್ಡು ಇದು.

ಎರಡು ಪಂಪಿನ ಅವಸರ

ಕರೆಂಟು ಇರುವಷ್ಟು ಹೊತ್ತಿನಲ್ಲೇ ತುಂಬಿಸಿಬಿಡೋಣ ಎಂದು ಕೆಲವು ದಿನ ಪಕ್ಕದ ಸ್ಟ್ಯಾಂಡ್‌ಬೈ ಪಂಪನ್ನೂ ಜೊತೆಗೇ ಓಡಿಸುವುದುಂಟು. ಒಂದೇ ಪೈಪಿನಲ್ಲಿ ನೀರಿನ ಓಟ ದುಪ್ಪಟ್ಟಾದರೆ ತಿಕ್ಕಾಟದ ಸುಂಕ ಸುಮಾರು ನಾಲ್ಕು ಪಟ್ಟು. ಅಷ್ಟನ್ನು ತಳ್ಳಲಾಗದೆ ಎರಡು ಪಂಪುಗಳೂ ಒದ್ದಾಡುತ್ತವೆ, ಗೇಜು ಏರುತ್ತದೆ, ನೀರು ಮಾತ್ರ ದುಪ್ಪಟ್ಟಾಗುವುದಿಲ್ಲ. ನಿಧಾನಕ್ಕೆ ಎತ್ತಿದ ನೀರು ಅಗ್ಗದ ನೀರು.

ಇನ್ನೊಂದು, ಬೆಳಗಿನ ಜಾವ ಬಸ್ಸಿಗೆ ಬಂದವರು ಕಂಡೇ ಇರುತ್ತೀರಿ. ಟ್ಯಾಂಕು ತುಂಬಿ ಬಂಡೆಯ ಮೇಲೆ ನೀರು ಧುಮುಕುತ್ತಿರುತ್ತದೆ. ನೋಡಲು ಚೆಂದ. ಇಪ್ಪತ್ತು ನಿಮಿಷ ಹಾಗೆ ಹರಿದರೆ 33 ಸಾವಿರ ಲೀಟರ್ ಹೋಯಿತು, ಅದನ್ನು ಎತ್ತಿದ 14 ಯೂನಿಟ್ಟೂ ಹೋಯಿತು. ತುಂಬಿದಾಗ ತಾನೇ ಮುಚ್ಚುವ ಫ್ಲೋಟ್ ಇದ್ದರೆ, ಅಥವಾ ಕೆಳಗಿನ ಮೋಟಾರನ್ನು ತಾನೇ ನಿಲ್ಲಿಸುವ ಸ್ವಿಚ್ ಇದ್ದರೆ ಈ ಜಲಪಾತ ಇರುವುದಿಲ್ಲ.

ಕಂದಾಯ ಏರಿಸುವ ಮುಂಚೆ ಒಂದು ಸಣ್ಣ ಕೆಲಸ ಆಗಲಿ. ಸಾವಿರ ಲೀಟರಿಗೆ ಎಷ್ಟು ಯೂನಿಟ್ ಖರ್ಚಾಯಿತು ಎಂದು ಪಂಪ್‌ಹೌಸಿನ ಬಾಗಿಲಲ್ಲಿ ದಿನವೂ ಸೀಮೆಸುಣ್ಣದಲ್ಲಿ ಬರೆಯಲಿ. ಗುಡ್ಡದ ಎತ್ತರ ಕೇಳುವುದು 0.20 ಯೂನಿಟ್. ಇಂದು ಹೋಗುತ್ತಿರುವುದು 0.42. ಗುಡ್ಡ ತಗ್ಗುವುದಿಲ್ಲ, ಆ 0.20 ಯಾರಪ್ಪನಿಂದಲೂ ಕಡಿಮೆಯಾಗದು. ಉಳಿದ 0.22ರ ಲೆಕ್ಕ ಯಾರು ಕೊಡುತ್ತಾರೆ?

ಲೆಕ್ಕ ಹೇಳಿ ಮುಗಿಸಿದಾಗ ಶೆಟ್ರು ಸುಮ್ಮನಿದ್ದರು. ಆಮೇಲೆ ಅಂದರು: "ಅಂದ್ರೆ ಮೇಲೆ ಟರ್ಬೈನ್ ಬೇಡ, ಕೆಳಗಿನ ತಕ್ಕಡಿ ಸರಿ ಮಾಡಿ ಅಂತೀರಿ."

ಅಷ್ಟೇ ಸ್ವಾಮಿ.