ಕಿಲೋಮೀಟರ್‌ಗೆ 13 ರೂಪಾಯಿ: ಪ್ರವಾಸದ ಬಿಲ್ ಎಲ್ಲಿ ಬೆಳೆಯುತ್ತದೆ?

ಬೆಂಗಳೂರಿನ ರಾಜಾಜಿನಗರದಿಂದ ನಾಲ್ಕು ಜನರ ಕುಟುಂಬವೊಂದು ಧರ್ಮಸ್ಥಳ ಮತ್ತು ಕುಕ್ಕೆ ಸುಬ್ರಹ್ಮಣ್ಯಕ್ಕೆ ಹೊರಟಿದೆ ಎಂದುಕೊಳ್ಳೋಣ. ಶನಿವಾರ ಹೋಗಿ ಭಾನುವಾರ ರಾತ್ರಿ ವಾಪಸ್. ಒಂದು ಟ್ರಾವೆಲ್ಸ್‌ನವರು ಸೆಡಾನ್ ಕಾರಿಗೆ ಕಿಲೋಮೀಟರ್‌ಗೆ 13 ರೂಪಾಯಿ ಎನ್ನುತ್ತಾರೆ. ಇನ್ನೊಬ್ಬರದು ಪ್ಯಾಕೇಜ್: ಎರಡು ದಿನ, 600 ಕಿ.ಮೀ., ಬಾಟಾ ಮತ್ತು ಟೋಲ್ ಎಲ್ಲ ಸೇರಿ 9,800 ರೂಪಾಯಿ. ದರಗಳು ಊರಿಗೂ ಋತುವಿಗೂ ತಕ್ಕಂತೆ ಬದಲಾಗುವುದರಿಂದ ಈ ಅಂಕಿಗಳನ್ನು ಉದಾಹರಣೆಯೆಂದೇ ಭಾವಿಸಬೇಕು. ಲೆಕ್ಕ ಹಾಕುವ ಕ್ರಮ ಮಾತ್ರ ಎಲ್ಲ ಕಡೆಯೂ ಹೆಚ್ಚುಕಡಿಮೆ ಒಂದೇ.

ಮನೆಯಿಂದ ಧರ್ಮಸ್ಥಳಕ್ಕೆ ಸುಮಾರು 300 ಕಿ.ಮೀ. ಅಲ್ಲಿಂದ ಕುಕ್ಕೆಗೆ 55, ಕುಕ್ಕೆಯಿಂದ ಬೆಂಗಳೂರಿಗೆ 280. ಒಟ್ಟು 635 ಆಯಿತಲ್ಲ ಎಂದು ಮನೆಯವರು ಗುಣಿಸಿ ನೋಡುತ್ತಾರೆ. ಆದರೆ ಮೀಟರ್ ಲೆಕ್ಕ ಶುರುವಾಗುವುದು ಮನೆ ಬಾಗಿಲಿನಲ್ಲಲ್ಲ, ಗಾಡಿ ನಿಲ್ಲುವ ಜಾಗದಲ್ಲಿ. ಇದನ್ನೇ ‘ಗ್ಯಾರೇಜ್ ಟು ಗ್ಯಾರೇಜ್’ ಎನ್ನುವುದು. ಗಾಡಿ 10 ಕಿ.ಮೀ. ದೂರದಿಂದ ಬಂದು ಅಷ್ಟೇ ದೂರ ಮರಳಿದರೆ ಇನ್ನೂ 20 ಕಿ.ಮೀ. ಸೇರಿ 655 ಆಗುತ್ತದೆ. ಅದಕ್ಕೆ 8,515 ರೂಪಾಯಿ. ಡ್ರೈವರ್ ಬಾಟಾ ದಿನಕ್ಕೆ 400ರಂತೆ 800. ಬೆಳಿಗ್ಗೆ 5ಕ್ಕೆ ಹೊರಟು ಮರುದಿನ ರಾತ್ರಿ 11ಕ್ಕೆ ಮುಟ್ಟಿದರೆ ಎರಡು ಸಲ ನೈಟ್ ಬಾಟಾ, ಏಕೆಂದರೆ ರಾತ್ರಿ 10ರಿಂದ ಬೆಳಿಗ್ಗೆ 6ರ ನಡುವೆ ಗಾಡಿ ಓಡಿದರೆ ಅದನ್ನು ಕೇಳುವುದು ವಾಡಿಕೆ. 300ರಂತೆ 600 ರೂಪಾಯಿ. ಟೋಲ್, ಪಾರ್ಕಿಂಗ್‌ಗೆ 700 ಎಂದಿಟ್ಟುಕೊಂಡರೆ ಬಿಲ್ 10,615 ರೂಪಾಯಿ.

ಪ್ಯಾಕೇಜ್‌ನಲ್ಲಿ 600 ಕಿ.ಮೀ. ಮೀರಿದ 55 ಕಿ.ಮೀ.ಗೆ 14 ರೂಪಾಯಿಯಂತೆ 770 ಸೇರಿದರೆ 10,570 ರೂಪಾಯಿ.

ವ್ಯತ್ಯಾಸ 45 ರೂಪಾಯಿ! ಎರಡು ಗಂಟೆ ಫೋನಿನಲ್ಲಿ ಚೌಕಾಸಿ ಮಾಡಿದವರಿಗೆ ಇದು ನಿರಾಸೆ ತರಬಹುದು. ಆದರೆ ಹೊರಡುವ ಹೊತ್ತು ಸ್ವಲ್ಪ ಬದಲಾದರೆ ಈ ಸಮಬಲ ಮುರಿದುಬೀಳುತ್ತದೆ.

ಅದೇ ಕುಟುಂಬ ‘ರಾತ್ರಿಯೇ ಹೊರಟರೆ ಬೆಳಗಿನ ದರ್ಶನ ಸಿಗುತ್ತದೆ’ ಎಂದು ಶುಕ್ರವಾರ ರಾತ್ರಿ 10ಕ್ಕೆ ಗಾಡಿ ಕರೆಸುತ್ತದೆ, ಭಾನುವಾರ ರಾತ್ರಿ 9ಕ್ಕೆ ಮನೆ ಸೇರುತ್ತದೆ. ಒಟ್ಟು 47 ಗಂಟೆ, ಎರಡು ದಿನಕ್ಕಿಂತ ಕಡಿಮೆ. ಆದರೆ ಬಹುತೇಕ ಟ್ರಾವೆಲ್ಸ್‌ನವರು ಎಣಿಸುವುದು 24 ಗಂಟೆಯ ದಿನವನ್ನಲ್ಲ, ಕ್ಯಾಲೆಂಡರ್ ದಿನವನ್ನು. ಮಧ್ಯರಾತ್ರಿ 12 ದಾಟಿದರೆ ಹೊಸ ದಿನ. ಶುಕ್ರವಾರದ ಎರಡೇ ಗಂಟೆಯೂ ಒಂದು ಪೂರ್ತಿ ದಿನ. ಮಾತು ಆಡುವಾಗ ಹೇಳದೆ ಬಿಡುವ ‘ದಿನಕ್ಕೆ ಕನಿಷ್ಠ 300 ಕಿ.ಮೀ.’ ಷರತ್ತು ಇಲ್ಲಿ ಕೆಲಸ ಮಾಡುತ್ತದೆ: ಮೂರು ದಿನಕ್ಕೆ 900 ಕಿ.ಮೀ. ಓಡಿದ್ದು 655 ಆದರೂ ದುಡ್ಡು 900ಕ್ಕೆ, ಅಂದರೆ 11,700 ರೂಪಾಯಿ. ಬಾಟಾ 1,200, ಒಂದು ನೈಟ್ ಬಾಟಾ 300, ಟೋಲ್-ಪಾರ್ಕಿಂಗ್ 700 ಸೇರಿ 13,900. ಓಡದ 245 ಕಿ.ಮೀ.ಗೇ 3,185 ರೂಪಾಯಿ ಹೋಯಿತು. ಆದ್ದರಿಂದ ಮೊದಲು ಕೇಳಬೇಕಾದ್ದು ಕಿಲೋಮೀಟರ್ ದರವನ್ನಲ್ಲ. ದಿನದ ಕನಿಷ್ಠ 250 ಕಿ.ಮೀ.ಯೋ 300 ಕಿ.ಮೀ.ಯೋ, ದಿನವನ್ನು ಹೇಗೆ ಎಣಿಸುತ್ತಾರೆ ಎಂಬುದನ್ನು. ಕನಿಷ್ಠ 250 ಇರುವವರು ಕಿಲೋಮೀಟರ್‌ಗೆ 14 ಕೇಳಿದರೂ, ಇಂಥ ಮೂರು ದಿನದ ಲೆಕ್ಕದಲ್ಲಿ 10,500ಕ್ಕೆ ಮುಗಿಸುತ್ತಾರೆ.

ಹಗಲಿಡೀ ದುಡಿದ ಡ್ರೈವರ್ ರಾತ್ರಿ ಶಿರಾಡಿ ಘಾಟಿ ಇಳಿಯಬೇಕಾಗುತ್ತದೆ ಎಂಬುದು ದುಡ್ಡಿಗಿಂತ ದೊಡ್ಡ ಕಾರಣ. ಬಾಟಾ ಎಂದರೆ ಊಟ, ತಂಗುವುದರ ಖರ್ಚು. ಅದು ಡ್ರೈವರ್ ಕೈಗೇ ಸೇರುತ್ತದೆಯೇ, ಮಾಲೀಕರ ಬಿಲ್‌ನಲ್ಲಿ ಉಳಿಯುತ್ತದೆಯೇ ಎಂದು ಗ್ರಾಹಕರು ಧಾರಾಳವಾಗಿ ಕೇಳಬಹುದು. ‘ಬಾಟಾ ಸೇರಿದೆ’ ಎಂದ ಪ್ಯಾಕೇಜ್‌ನಲ್ಲೂ ಊಟದ ಹೊತ್ತಿಗೆ ಡ್ರೈವರ್ ಮುಜುಗರದಿಂದ ದುಡ್ಡು ಕೇಳಿದರೆ, ಮಾಲೀಕರು ಅವರಿಗೆ ಏನೂ ಕೊಟ್ಟಿಲ್ಲದಿರುವ ಸಾಧ್ಯತೆಯೇ ಹೆಚ್ಚು. ಅಲ್ಲಿ ಜಗಳ ಆಡಬೇಕಾದ್ದು ಡ್ರೈವರ್ ಜೊತೆಗಲ್ಲ. ಮಾಲೀಕರಿಗೆ ಫೋನ್ ಮಾಡಿ, ಕೊಟ್ಟ ಮೊತ್ತವನ್ನು ಬಿಲ್‌ನಲ್ಲಿ ಕಳೆಯಿರಿ ಎಂದರೆ ಸಾಕು.

ವೇಟಿಂಗ್ ಚಾರ್ಜ್ ಎಲ್ಲಕ್ಕಿಂತ ಗೊಂದಲದ್ದು. ದಿನಕ್ಕೆ ಕನಿಷ್ಠ ಕಿಲೋಮೀಟರ್ ಇರುವ ರೌಂಡ್ ಟ್ರಿಪ್‌ನಲ್ಲಿ ದೇವಸ್ಥಾನದ ಮುಂದೆ ಗಾಡಿ ನಾಲ್ಕು ಗಂಟೆ ನಿಂತರೂ ಬೇರೆ ದುಡ್ಡು ಕೇಳುವುದಕ್ಕೆ ಅರ್ಥವಿಲ್ಲ. ಗಾಡಿ ನಿಂತ ಹೊತ್ತಿನ ನಷ್ಟವನ್ನು ತುಂಬುವುದಕ್ಕೆಂದೇ ಆ ಕನಿಷ್ಠ ಇರುವುದು. ವೇಟಿಂಗ್‌ಗೆ ನಿಜವಾದ ಜಾಗ ಒನ್ ವೇ ಡ್ರಾಪ್ ಮತ್ತು 8 ಗಂಟೆ 80 ಕಿ.ಮೀ.ಯ ಲೋಕಲ್ ಪ್ಯಾಕೇಜ್. ಲೋಕಲ್‌ನಲ್ಲಿ ಗಂಟೆ ಮೀರಿದರೂ ದುಡ್ಡು, ಕಿಲೋಮೀಟರ್ ಮೀರಿದರೂ ದುಡ್ಡು. ಡ್ರಾಪ್‌ನಲ್ಲಿ ಹತ್ತಿಸಿಕೊಳ್ಳಲು ಸ್ವಲ್ಪ ಹೊತ್ತು ಬಿಟ್ಟಿರುತ್ತಾರೆ, ಆಮೇಲೆ ನಿಮಿಷಕ್ಕೋ ಗಂಟೆಗೋ ಲೆಕ್ಕ. ದಾರಿಯಲ್ಲಿ ಊಟಕ್ಕೆ ಒಂದು ನಿಲುಗಡೆಗಿಂತ ಹೆಚ್ಚು ಬೇಕಿದ್ದರೆ ಮೊದಲೇ ಹೇಳಬೇಕು.

ಆದರೂ ಡ್ರಾಪ್ ಗೆಲ್ಲುವ ಸಂದರ್ಭವೊಂದಿದೆ: ಮದುವೆ. ಗುರುವಾರ ಶಿವಮೊಗ್ಗಕ್ಕೆ ಹೋಗಿ ಭಾನುವಾರ ಮರಳುವವರು ಗಾಡಿಯನ್ನು ಛತ್ರದ ಮುಂದೆ ನಿಲ್ಲಿಸಿಕೊಂಡರೆ, ನಾಲ್ಕು ದಿನಕ್ಕೆ 1,200 ಕಿ.ಮೀ.ಗೆ 15,600, ಬಾಟಾ 1,600, ಒಟ್ಟು 17,200 ತೆರಬೇಕು. ಟೋಲ್ ಬೇರೆ. ಓಡಿದ್ದು 670ರ ಆಸುಪಾಸು. ಹೋಗಲೊಂದು ಬರಲೊಂದು ಡ್ರಾಪ್ ತಲಾ 5,500ಕ್ಕೆ ಸಿಕ್ಕರೆ 11,000ಕ್ಕೆ ಮುಗಿಯುತ್ತದೆ. ಊರೊಳಗಿನ ಓಡಾಟಕ್ಕೆ ಆಟೊ ಇದ್ದೇ ಇದೆ. ಅದೇ, ದಾರಿಯುದ್ದಕ್ಕೂ ಅಲ್ಲಲ್ಲಿ ಇಳಿದು ನೋಡುವ ಪ್ರವಾಸಕ್ಕೆ ಕಿಲೋಮೀಟರ್ ದರವೇ ನೆಮ್ಮದಿ. ಪ್ಯಾಕೇಜ್ ಪಟ್ಟಿಯಲ್ಲಿಲ್ಲದ ಸೌತಡ್ಕ ಗಣಪತಿಗೆ ಹೋಗೋಣ ಎಂದರೆ ಡ್ರೈವರ್ ಮಾಲೀಕರನ್ನು ಕೇಳಬೇಕಾಗುತ್ತದೆ, ಅಲ್ಲಿಂದ ಹೊಸ ಚೌಕಾಸಿ.

ಟೋಲ್ ವಿಷಯದಲ್ಲಿ ಒಂದು ಸಂಗತಿ ಗೊತ್ತಿದ್ದರೆ ಒಳ್ಳೆಯದು. ರಾಷ್ಟ್ರೀಯ ಹೆದ್ದಾರಿಯ ಟೋಲ್‌ನಲ್ಲಿ 24 ಗಂಟೆಯೊಳಗೆ ಮರಳಿದರೆ ಹೋಗಿಬರುವ ಶುಲ್ಕ ಒಂದು ಸಲದ ಒಂದೂವರೆ ಪಟ್ಟು ಮಾತ್ರ. ಬೆಳಿಗ್ಗೆ ಮೈಸೂರಿಗೆ ಹೋಗಿ ಸಂಜೆ ಬಂದವರು ಎರಡು ಪೂರ್ತಿ ಟೋಲ್ ಕೊಡಬೇಕಾಗಿಲ್ಲ. ಡ್ರೈವರ್ ಮೊಬೈಲ್‌ಗೆ ಬರುವ ಫಾಸ್ಟ್ಯಾಗ್ ಮೆಸೇಜ್ ನೋಡಿದರೆ ಕಡಿತವಾದ ಮೊತ್ತ ತಿಳಿಯುತ್ತದೆ. 2025ರ ಆಗಸ್ಟ್ 15ರಂದು 3,000 ರೂಪಾಯಿ ದರದಲ್ಲಿ ಶುರುವಾದ ವಾರ್ಷಿಕ ಪಾಸ್ ಖಾಸಗಿ ವಾಹನಗಳಿಗೆ ಮಾತ್ರ. ಹಳದಿ ಬೋರ್ಡ್ ಟ್ಯಾಕ್ಸಿಗೆ ಅದು ಸಿಗುವುದಿಲ್ಲ, ಆದ್ದರಿಂದ ಟ್ಯಾಕ್ಸಿಯವರು ಟೋಲ್ ಕೇಳುವುದು ನ್ಯಾಯವೇ.

ಗಾಡಿ ಬುಕ್ ಮಾಡುವಾಗ ವಾಟ್ಸ್ಆ್ಯಪ್‌ನಲ್ಲಿ ಇಷ್ಟು ಬರೆಸಿಕೊಳ್ಳಬೇಕು: ಕಿಲೋಮೀಟರ್ ದರ, ದಿನದ ಕನಿಷ್ಠ, ದಿನದ ಎಣಿಕೆ, ಬಾಟಾ ಮತ್ತು ನೈಟ್ ಬಾಟಾ, ಟೋಲ್-ಪಾರ್ಕಿಂಗ್ ಒಳಗೋ ಹೊರಗೋ, ಜಿಎಸ್‌ಟಿ ಸೇರಿದೆಯೇ. ಹತ್ತುವಾಗಲೇ ಮೀಟರ್‌ನ ಫೋಟೊ ತೆಗೆದು, ಟ್ರಿಪ್ ಶೀಟ್‌ನಲ್ಲಿ ಬರೆದ ಓಪನಿಂಗ್ ಕಿ.ಮೀ.ಗೆ ಹೋಲಿಸಬೇಕು. ಅದು ಗ್ಯಾರೇಜ್‌ನಿಂದ ಮನೆಗೆ ಬಂದ ದೂರಕ್ಕಿಂತ ಹೆಚ್ಚು ಹಿಂದಿನ ಅಂಕಿಯಾಗಿದ್ದರೆ, ಗಾಡಿ ಗೇಟು ದಾಟುವ ಮೊದಲೇ ಕೇಳಬೇಕು.