ಚೆಂಡು ಮೊದಲು ಎಲ್ಲಿ ಬೀಳಬೇಕು?

1987ರ ಏಪ್ರಿಲ್. ಅಮೆರಿಕದ ಅಗಸ್ಟಾದಲ್ಲಿ ಮಾಸ್ಟರ್ಸ್ ಟೂರ್ನಿಯ ಪ್ಲೇಆಫ್. ಅದೇ ಊರಿನಲ್ಲಿ ಹುಟ್ಟಿದ ಲ್ಯಾರಿ ಮೈಝ್ ಅವರ ಚೆಂಡು 11ನೇ ಹೋಲ್‌ನ ಗ್ರೀನ್‌ನಿಂದ ಬಲಕ್ಕೆ, ಗುಳಿಯಿಂದ ಸುಮಾರು 140 ಅಡಿ ದೂರದಲ್ಲಿತ್ತು. ಗ್ರೀನ್‌ನ ಆಚೆ ಕೊಳ. ಎತ್ತರಕ್ಕೆ ಹಾರಿಸಿ ಗುಳಿಯ ಬಳಿ ಇಳಿಸಹೋದರೆ ಚೆಂಡು ನೀರುಪಾಲಾಗುವ ಭಯ. ಮೈಝ್ ಸ್ಯಾಂಡ್ ವೆಜ್ ಹಿಡಿದು ಚೆಂಡನ್ನು ಗ್ರೀನ್ ತಲುಪುವ ಮೊದಲೇ ನೆಲಕ್ಕೆ ಬೀಳಿಸಿದರು. ಅದು ಪುಟಿದು, ಉರುಳಿ, ಗುಳಿ ಸೇರಿತು. ಗ್ರೆಗ್ ನಾರ್ಮನ್ ಸೋತರು.

ಗ್ರೀನ್‌ನ ಸುತ್ತ ಆಡುವ ಹೊಡೆತಗಳ ಗುಟ್ಟು ಇಲ್ಲಿದೆ. ಗಾಳಿಯಲ್ಲಿ ಸ್ವಲ್ಪ, ನೆಲದ ಮೇಲೆ ಹೆಚ್ಚು ಸಾಗಿದರೆ ಅದು ಚಿಪ್. ಎತ್ತರಕ್ಕೆ ಹಾರಿ ಬಿದ್ದಲ್ಲೇ ಬೇಗ ನಿಂತರೆ ಪಿಚ್. ಹೊಸಬರು ಮೊದಲು ಕ್ಲಬ್ ಆರಿಸುತ್ತಾರೆ. ಚೆಂಡು ಬೀಳಬೇಕಾದ ಜಾಗವನ್ನು ಮೊದಲು ಗುರುತಿಸಿದರೆ ಕ್ಲಬ್ ತಾನಾಗಿ ನಿರ್ಧಾರವಾಗುತ್ತದೆ.

ಒಂದು ಲೆಕ್ಕ ನೋಡಿ. ಚೆಂಡಿನಿಂದ ಗ್ರೀನ್‌ನ ಅಂಚಿಗೆ ಎರಡು ಹೆಜ್ಜೆ, ಗುಳಿಗೆ 12 ಹೆಜ್ಜೆ. ಅಂಚು ದಾಟಿ ಒಂದು ಹೆಜ್ಜೆ ಒಳಗೆ ಚೆಂಡು ಬೀಳಲಿ. ಅಲ್ಲಿ ನೆಲ ಸಮತಟ್ಟು, ಪುಟಿತವನ್ನು ನಂಬಬಹುದು. ಹಾರಾಟ ಮೂರು ಹೆಜ್ಜೆ, ಉರುಳಾಟ ಒಂಬತ್ತು. ಅಂದರೆ ಒಂದಕ್ಕೆ ಮೂರು. 12ರಿಂದ ಐರನ್‌ನ ಸಂಖ್ಯೆ ಕಳೆದರೆ ಈ ಪಟ್ಟು ಸಿಗುತ್ತದೆಂಬುದು ಆಟಗಾರರ ಹಳೆಯ ಲೆಕ್ಕ. ಹಾಗಾಗಿ ಇಲ್ಲಿ ಬೇಕಾದ್ದು 9 ಐರನ್. ಗುಳಿ ಇನ್ನೂ ದೂರವಿದ್ದರೆ 8 ಅಥವಾ 7. ಇದು ಸಮತಟ್ಟಾದ, ಸಾಧಾರಣ ವೇಗದ ಗ್ರೀನ್‌ನ ಲೆಕ್ಕ. ಇಳಿಜಾರಿದ್ದರೆ ಚೆಂಡು ಹೆಚ್ಚು ಓಡುತ್ತದೆ, ಏರಿದ್ದರೆ ಬೇಗ ನಿಲ್ಲುತ್ತದೆ.

ಬಲಗೈ ಆಟಗಾರ ಚಿಪ್‌ಗೆ ಪಾದಗಳನ್ನು ಹತ್ತಿರ ಇಟ್ಟು, ಚೆಂಡನ್ನು ನಡುವಿನಿಂದ ತುಸು ಬಲಪಾದದ ಕಡೆಗೆ ಇರಿಸಿಕೊಳ್ಳುತ್ತಾನೆ. ಮೈಭಾರ ಎಡಗಾಲಿನ ಮೇಲೆ, ಕೈಗಳು ಚೆಂಡಿಗಿಂತ ಕೊಂಚ ಮುಂದೆ. ಮಣಿಕಟ್ಟು ಹೆಚ್ಚು ಮಡಿಯಬಾರದು.

ನಡುವೆ ಬಂಕರ್ ಬಂದು, ಗುಳಿ ಅದರಾಚೆ ನಾಲ್ಕೈದು ಹೆಜ್ಜೆಯಲ್ಲೇ ಇದ್ದರೆ ಉರುಳಿಸಲು ಜಾಗವೆಲ್ಲಿ? ಆಗ ಪಿಚ್ ಅನಿವಾರ್ಯ. ಸ್ಯಾಂಡ್ ವೆಜ್, ಚೆಂಡು ನಡುವಿನಲ್ಲಿ, ಮಣಿಕಟ್ಟು ಮಡಿಸಿ ಉದ್ದನೆಯ ಬೀಸು. ಬೀಳುವ ಜಾಗ ಗುಳಿಗೆ ಸಮೀಪ.

ಎರಡರಲ್ಲೂ ಹೊಡೆತ ಕೆಡುವುದು ಚೆಂಡನ್ನು ಕೈಯಿಂದ ಎತ್ತಲು ಹೋದಾಗ. ಕ್ಲಬ್ ಚೆಂಡಿನ ಹಿಂದಿನ ನೆಲಕ್ಕೆ ತಾಗಿದರೆ ಮಣ್ಣು ಎದ್ದು ಚೆಂಡು ಎರಡಡಿ ಹೋಗುತ್ತದೆ. ಅಂಚು ಚೆಂಡಿನ ನಡುವಿಗೆ ಬಡಿದರೆ ಅದು ಗ್ರೀನ್ ದಾಟಿ ಓಡುತ್ತದೆ. ಎತ್ತುವ ಕೆಲಸವನ್ನು ಕ್ಲಬ್‌ನ ಓರೆಗೆ ಬಿಡಬೇಕು. ಅಭ್ಯಾಸಕ್ಕೆ ಹೋದಾಗ ಬೀಳಬೇಕಾದ ಜಾಗದಲ್ಲಿ ಒಂದು ಟವೆಲ್ ಹಾಸಿ, ಗುಳಿಯನ್ನು ಮರೆತು ಅದಕ್ಕೇ ಗುರಿಯಿಡಿ.